ಎಳೆಯ ವೇಗದ ಬೌಲರುಗಳ ಅತಿಬಳಕೆಯ ಗಾಯಗಳು: ಕೆಜಿಎಫ್–ಬಂಗಾರಪೇಟೆ ಕಡೆಯ ವಾರದ ಲೆಕ್ಕ

ವೇಗದ ಬೌಲಿಂಗ್ ಮಾಡುವ 13ರಿಂದ 19 ವರ್ಷದ ಹುಡುಗರಲ್ಲಿ ಒಂದೇ ಏಟಿಗೆ ಆಗದೆ, ಒಂದೇ ಚಲನೆ ಸಾವಿರಾರು ಬಾರಿ ನಡೆದು, ನಡುವೆ ಸಾಕಷ್ಟು ಬಿಡುವಿಲ್ಲದೆ ಮೂಳೆ, ಸ್ನಾಯುರಜ್ಜು ಮತ್ತು ಕೀಲುಗಳಲ್ಲಿ ಬೆಳೆಯುವ ಹಾನಿಗೆ ಅತಿಬಳಕೆಯ ಗಾಯ ಎನ್ನುತ್ತಾರೆ. ಹಿಮ್ಮಡಿ, ಮೊಣಕಾಲು, ಮುಂಗಾಲಿನ ಮೂಳೆ, ಭುಜ ಎಲ್ಲವೂ ಇದಕ್ಕೆ ಸಿಕ್ಕುತ್ತವೆ. ಆದರೆ ಈ ಹುಡುಗರನ್ನು ತಿಂಗಳುಗಟ್ಟಲೆ ಮೈದಾನದಿಂದ ಹೊರಗಿಡುವುದು ಮುಖ್ಯವಾಗಿ ಒಂದೇ ಗಾಯ. ಅದು ಸೊಂಟದ ಭಾಗದ ಬೆನ್ನುಮೂಳೆಯಲ್ಲಿ ಆಗುವ ಬಿರುಕು, ಆಟಗಾರರ ಬಾಯಲ್ಲಿ 'ಬ್ಯಾಕ್ ಸ್ಟ್ರೆಸ್ ಫ್ರ್ಯಾಕ್ಚರ್'. ಈ ಲೇಖನ ಹೆಚ್ಚಾಗಿ ಅದನ್ನೇ ಕುರಿತದ್ದು. ಕೋಲಾರ ಜಿಲ್ಲೆಯ ಕೆಜಿಎಫ್ ಮತ್ತು ಬಂಗಾರಪೇಟೆಯಂಥ ಊರುಗಳಲ್ಲಿ ಅದು ಹೇಗೆ ಹುಟ್ಟುತ್ತದೆ, ತರಬೇತುದಾರರು ವಾರದ ಬೌಲಿಂಗನ್ನು ಹೇಗೆ ಎಣಿಸಿ ಮಿತಿ ಹಾಕಬೇಕು ಎಂಬುದು ಇಲ್ಲಿನ ವಿಷಯ.

ಊರು ಮತ್ತು ಆಟ

ಕೆಜಿಎಫ್‌ಗೆ ಕ್ರಿಕೆಟ್ ಬಂದದ್ದು ಚಿನ್ನದ ಗಣಿಯ ಜೊತೆಗೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಬ್ರಿಟಿಷ್ ಅಧಿಕಾರಿಗಳ ಕಾಲದಲ್ಲಿ ಬೆಳೆದ ಕ್ಲಬ್ಬು, ಜಿಮ್ಖಾನಾ ಮೈದಾನ, ಗಾಲ್ಫ್ ಅಂಗಳಗಳ ಸಂಸ್ಕೃತಿ ಆಮೇಲೆ ಗಣಿ ಕಾರ್ಮಿಕರ ಲೈನುಗಳಿಗೂ ಇಳಿಯಿತು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಊರಿನ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ, ಅಲ್ಲಿಂದ ಬೆಂಗಳೂರಿಗೆ ಸಾವಿರಾರು ಜನ ಬೆಳಗಾಗುವ ಮುನ್ನವೇ ಹೊರಡುತ್ತಾರೆ. ಬೌಲಿಂಗ್‌ನಲ್ಲಿ ಗಟ್ಟಿಗ ಅನ್ನಿಸಿಕೊಂಡ ಹುಡುಗನ ದಾರಿಯೂ ಅದೇ. ಲೆದರ್ ಬಾಲ್ ಕ್ರಿಕೆಟ್‌ನಲ್ಲಿ ಮುಂದೆ ಹೋಗಬೇಕೆಂದರೆ ಲೀಗ್ ಪಂದ್ಯಗಳೂ ಆಯ್ಕೆದಾರರೂ ಇರುವ ಬೆಂಗಳೂರಿಗೆ ಹೋಗಬೇಕು. ಶಾಲೆ ಮತ್ತು ಗೆಳೆಯರು ಮಾತ್ರ ಊರಿನಲ್ಲೇ ಇರುತ್ತಾರೆ. ಭಾನುವಾರ ಬಂದರೆ ಬಡಾವಣೆಯ ತಂಡಕ್ಕೆ ಟೆನ್ನಿಸ್ ಬಾಲ್ ಟೂರ್ನಮೆಂಟಿನಲ್ಲಿ ಅವನೇ ಓಪನಿಂಗ್ ಬೌಲರ್.

ಹೀಗೆ ಒಂದೇ ಬೆನ್ನು ಮೂರು ತಂಡಗಳಿಗೆ ದುಡಿಯುತ್ತದೆ. ಮೂರೂ ಕಡೆಯ ಹಿರಿಯರು ಪ್ರಾಮಾಣಿಕರೇ. ಆದರೆ ಒಬ್ಬೊಬ್ಬರೂ ತಮ್ಮ ಮುಂದೆ ಹಾಕಿದ ಚೆಂಡನ್ನು ಮಾತ್ರ ಎಣಿಸುತ್ತಾರೆ, ಅದೂ ಎಣಿಸಿದರೆ. ಈ ಊರುಗಳಲ್ಲಿ ಎಳೆಯ ಬೌಲರುಗಳ ಹೊರೆ ಅಳತೆ ಮೀರುವುದು ಹೆಚ್ಚಾಗಿ ಯಾವುದೋ ಒಬ್ಬ ಕಟುಕ ಕೋಚ್‌ನಿಂದಲ್ಲ. ಕೋಚ್‌ಗಳ ನಡುವಿನ ಖಾಲಿ ಜಾಗದಲ್ಲಿ ಅದು ಮೀರುತ್ತದೆ.

ಬಿರುಕು ಬೀಳುವ ಬಗೆ

ವೇಗದ ಬೌಲರನ ಮುಂದಿನ ಕಾಲು ಕ್ರೀಸಿನಲ್ಲಿ ಊರುವ ಕ್ಷಣದಲ್ಲಿ ನೆಲದಿಂದ ಮೇಲಕ್ಕೆ ಬರುವ ಬಲ ಅವನ ದೇಹತೂಕದ ಐದು ಪಟ್ಟಿಗೂ ಮೀರಬಹುದು. ಐವತ್ತು ಕಿಲೋ ತೂಗುವ ಹುಡುಗನಿಗೆ ಅದು 250 ಕಿಲೋ ಭಾರಕ್ಕೆ ಸಮ. ಅದೇ ಕ್ಷಣದಲ್ಲಿ ಅವನ ಸೊಂಟ ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿರುತ್ತದೆ: ಹಿಂದಕ್ಕೆ ಬಾಗುತ್ತದೆ, ಪಕ್ಕಕ್ಕೆ ವಾಲುತ್ತದೆ, ತಿರುಚಿಕೊಳ್ಳುತ್ತದೆ. ಬಲಗೈ ಬೌಲರು ವಾಲುವುದು ಎಡಕ್ಕೆ. ಆ ಬದಿಯಲ್ಲಿ ಸೊಂಟದ ಮಣಿಗಳ ಹಿಂಭಾಗದಲ್ಲಿ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಜೋಡಿಸುವ 'ಪಾರ್ಸ್' ಎಂಬ ಕಿರಿದಾದ ಮೂಳೆಯ ಸೇತುವೆ ಇದೆ. ಎಲ್ಲ ಒತ್ತಡವೂ ಹೋಗಿ ಕೂರುವುದು ಅಲ್ಲಿ. ಆದ್ದರಿಂದಲೇ ಬಲಗೈ ಬೌಲರಿಗೆ ಬಿರುಕು ಸಾಮಾನ್ಯವಾಗಿ ಎಡಬದಿಯಲ್ಲಿ, ಎಡಗೈಯವರಿಗೆ ಬಲಬದಿಯಲ್ಲಿ ಬೀಳುತ್ತದೆ. ಹೆಚ್ಚಾಗಿ ತೊಂದರೆಗೆ ಸಿಕ್ಕುವುದು ಸೊಂಟದ ಕೊನೆಯ ಮೂರು ಮಣಿಗಳು.

ಮೂಳೆ ಒಂದೇ ದಿನದಲ್ಲಿ ಸೀಳುವುದಿಲ್ಲ. ಪ್ರತಿ ಬೌಲಿಂಗ್ ಅವಧಿಯ ನಂತರ ಪಾರ್ಸ್‌ನಲ್ಲಿ ಕಣ್ಣಿಗೆ ಕಾಣದ ಸಣ್ಣ ಹಾನಿ ಆಗಿರುತ್ತದೆ. ದೇಹ ಹಳೆಯ ಮೂಳೆಯನ್ನು ಕೆರೆದು ತೆಗೆದು ಹೊಸದನ್ನು ತುಂಬುತ್ತದೆ. ಕೆರೆಯುವ ಕೆಲಸ ಬೇಗ ನಡೆಯುತ್ತದೆ, ತುಂಬುವ ಕೆಲಸ ವಾರಗಳನ್ನು ತೆಗೆದುಕೊಳ್ಳುತ್ತದೆ. ರಿಪೇರಿಗೆ ಅಗೆದ ರಸ್ತೆಗೆ ಡಾಂಬರು ಬೀಳುವ ಮೊದಲೇ ಲಾರಿ ಬಿಟ್ಟಂತೆ, ತುಂಬುವ ಮುನ್ನವೇ ಮತ್ತೆ ಹೊರೆ ಬಿದ್ದರೆ ಮೂಳೆ ಆ ಜಾಗದಲ್ಲಿ ಸೋಲುತ್ತದೆ. ಮೊದಲು ಮೂಳೆಯೊಳಗೆ ನೀರು ತುಂಬಿಕೊಂಡಂಥ ಊತ ಬರುತ್ತದೆ. ಎಂಆರ್‌ಐಯಲ್ಲಿ ಅದು ಕಾಣುತ್ತದೆ, ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆಮೇಲೆ ಅರ್ಧ ಬಿರುಕು, ಕೊನೆಗೆ ಪೂರ್ತಿ ಬಿರುಕು. ಊತದ ಹಂತದಲ್ಲೇ ಬೌಲಿಂಗ್ ನಿಲ್ಲಿಸಿದ ಹುಡುಗ ಕೆಲವು ವಾರ ಅಥವಾ ಎರಡು–ಮೂರು ತಿಂಗಳು ಕಳೆದುಕೊಂಡರೆ, ಬಿರುಕಾದ ಮೇಲೆ ಬಂದವನು ಆರರಿಂದ ಎಂಟು ತಿಂಗಳು ಕಳೆದುಕೊಳ್ಳುತ್ತಾನೆ.

ಎಳೆಯರಿಗೇ ಇದು ಯಾಕೆ ಹೆಚ್ಚು ಎಂಬುದಕ್ಕೆ ಉತ್ತರ ಬೆಳವಣಿಗೆಯಲ್ಲಿದೆ. ಹುಡುಗರು 13–15ರ ಸುಮಾರಿಗೆ ಸರ್ರನೆ ಉದ್ದವಾಗುತ್ತಾರೆ, ಆದರೆ ಮೂಳೆಗೆ ಖನಿಜ ತುಂಬಿ ಗಟ್ಟಿಯಾಗುವುದು ಅದಕ್ಕಿಂತ ಹಲವು ತಿಂಗಳು ಹಿಂದೆ ಉಳಿಯುತ್ತದೆ. ಸೊಂಟದ ಮಣಿಗಳ ಹಿಂಭಾಗವಂತೂ ಇಪ್ಪತ್ತು ದಾಟುವವರೆಗೂ ಪೂರ್ತಿ ಬಲಿಯುವುದಿಲ್ಲ. ಕೋಚ್ ಕಣ್ಣಿಗೆ ಬೀಳುವುದು ಮಾತ್ರ ಬೇರೆ: ಕಳೆದ ವರ್ಷದ ಕುಳ್ಳ ಈ ವರ್ಷ ಎತ್ತರವಾಗಿದ್ದಾನೆ, ಚೆಂಡು ಬೌನ್ಸ್ ಆಗುತ್ತಿದೆ, ಇನ್ನೆರಡು ಓವರ್ ಹಾಕಲಿ. ಬೆನ್ನು ಅತ್ಯಂತ ಮೆತ್ತಗಿರುವ ವರ್ಷದಲ್ಲೇ ಅವನಿಗೆ ಅತಿಹೆಚ್ಚು ಚೆಂಡು ಸಿಗುತ್ತದೆ.

ಬೌಲಿಂಗ್ ಶೈಲಿಯದೂ ಪಾಲಿದೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಡ್ಯಾರಿಲ್ ಫಾಸ್ಟರ್ ಮತ್ತು ಸಂಗಡಿಗರು 82 ಎಳೆಯ ವೇಗದ ಬೌಲರುಗಳನ್ನು ಒಂದು ಋತುವಿನುದ್ದಕ್ಕೂ ಗಮನಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 11 ಮಂದಿಗೆ ಬೆನ್ನುಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿತ್ತು. ಸೊಂಟ ಬ್ಯಾಟ್ಸ್‌ಮನ್ ಕಡೆಗೆ ನೇರ ನೋಡುತ್ತಿದ್ದು ಭುಜಗಳು ಮಾತ್ರ ಓಟದ ಕೊನೆಯಲ್ಲಿ ಪಕ್ಕಕ್ಕೆ ತಿರುಗಿ ಮತ್ತೆ ಮರಳುವ ಮಿಶ್ರ ಶೈಲಿಯವರಿಗೆ ಅಪಾಯ ಹೆಚ್ಚು ಎಂಬ ತಿಳಿವು ಅಂಥ ಅಧ್ಯಯನಗಳಿಂದ ಬಂದದ್ದು. ಶೈಲಿ ತಿದ್ದುವುದು ಒಳ್ಳೆಯದೇ, ಆದರೆ ಅದಕ್ಕೆ ತಿಂಗಳುಗಳು ಬೇಕು, ಕ್ಯಾಮೆರಾ ಬೇಕು, ಬಲ್ಲವರು ಬೇಕು. ಚೆಂಡು ಎಣಿಸಲು ಒಂದು ಪೆನ್ಸಿಲ್ ಸಾಕು. ಎರಡರಲ್ಲಿ ಒಂದನ್ನೇ ಮಾಡಲಾಗುವ ಊರಿನಲ್ಲಿ ಎಣಿಕೆಯನ್ನೇ ಮೊದಲು ಹಿಡಿಯಬೇಕು.

ಕರ್ನಾಟಕದ ಒಂದು ಪರಿಚಿತ ಬೆನ್ನು

ಇದು ಎಳೆಯರ ಗಾಯವಾದರೂ ದೊಡ್ಡವರನ್ನೂ ಬಿಡುವುದಿಲ್ಲ. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ 2023ರ ಐಪಿಎಲ್ ಪೂರ್ತಿ ಕಳೆದುಕೊಂಡರು. ಬೆನ್ನು ನೋವಿನಿಂದ 2022ರ ಟಿ20 ವಿಶ್ವಕಪ್ ತಪ್ಪಿಸಿಕೊಂಡಿದ್ದ ಜಸ್‌ಪ್ರೀತ್ ಬುಮ್ರಾ 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಇಬ್ಬರೂ ಭಾರತಕ್ಕೆ ಮರಳಿ ಆಡಿದ್ದು ಒಂದೇ ಪಂದ್ಯದಲ್ಲಿ, 2023ರ ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧ. ಇಬ್ಬರಿಗೂ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಂಥ ಸಂಸ್ಥೆ ಹಿಂದೆ ಇತ್ತು, ಫಿಸಿಯೋಗಳಿದ್ದರು, ದಿನಕ್ಕೆ ಎಷ್ಟು ಚೆಂಡು ಎಂದು ಬರೆದಿಡುವವರಿದ್ದರು. ಹಾಗಿದ್ದೂ ಇಷ್ಟು ಕಾಲ ಹಿಡಿಯಿತು. ಮಾರಿಕುಪ್ಪಂನ ಹುಡುಗನಿಗೆ ಇದಾವುದೂ ಇರುವುದಿಲ್ಲ.

ಒಂದು ವಾರ ಬಿಡಿಸಿ ನೋಡಿದರೆ

ಹದಿನೈದು ವರ್ಷದ, ಬಲಗೈಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಮನೆ ರಾಬರ್ಟ್‌ಸನ್‌ಪೇಟೆ, ವಾರಕ್ಕೆ ಎರಡು ದಿನ ಬೆಂಗಳೂರಿನ ಅಕಾಡೆಮಿ. ಹೆಸರಿಲ್ಲದ ಈ ಹುಡುಗನ ವಾರ ಈ ಕಡೆ ಕ್ರಿಕೆಟ್ ನೋಡಿದವರಿಗೆ ಹೊಸದೆನಿಸಲಾರದು.

ಸೋಮವಾರ ಸಂಜೆ ಶಾಲೆಯ ನೆಟ್ಸ್, 36 ಚೆಂಡು. ಬುಧವಾರ ಅಕಾಡೆಮಿಯಲ್ಲಿ 48. ಗುರುವಾರ ಶಾಲೆಯಲ್ಲಿ ಮತ್ತೆ 30. ಶನಿವಾರ ಅಕಾಡೆಮಿಯ ಪಂದ್ಯದಲ್ಲಿ ಹತ್ತು ಓವರ್, ಅಂದರೆ 60, ಜೊತೆಗೆ ಪಂದ್ಯಕ್ಕೆ ಮುಂಚೆ ಕೈ ಬಿಸಿ ಮಾಡಿಕೊಳ್ಳಲು 15. ಭಾನುವಾರ ಟೆನ್ನಿಸ್ ಬಾಲ್ ಟೂರ್ನಮೆಂಟ್. ಅಲ್ಲಿ ಒಬ್ಬರಿಗೆ ಎರಡೇ ಓವರ್ ಎಂಬ ನಿಯಮ, ಆದರೆ ತಂಡ ಫೈನಲ್ ತಲುಪಿದರೆ ಒಂದೇ ದಿನ ನಾಲ್ಕು ಪಂದ್ಯ. ಎಂಟು ಓವರಿಗೆ 48, ವೈಡು–ನೋಬಾಲ್ ಸೇರಿ 54.

ಕೂಡಿಸಿದರೆ 243 ಚೆಂಡು. ಈಗ ಯಾರು ಎಷ್ಟು ನೋಡಿದರು ಎಂದು ಕೇಳಿ. ಶಾಲೆಯ ಪಿಇ ಮೇಷ್ಟ್ರ ಲೆಕ್ಕದಲ್ಲಿ ಅವನು ವಾರವಿಡೀ ಹಾಕಿದ್ದು 66. ಅಕಾಡೆಮಿ ಕೋಚ್ ಲೆಕ್ಕದಲ್ಲಿ 123, ಅದೂ ವಾರ್ಮ್‌ಅಪ್ ಎಣಿಸಿದರೆ. ಟೂರ್ನಮೆಂಟಿನ ಕ್ಯಾಪ್ಟನ್ ಲೆಕ್ಕದಲ್ಲಿ ಬರೇ ಎಂಟು ಓವರ್. ಮೂವರಿಗೂ ಹುಡುಗ ಇನ್ನಷ್ಟು ಹಾಕಬಲ್ಲ ಎಂದೇ ಅನ್ನಿಸುತ್ತದೆ.

ಈ 243ನ್ನು ಯಾವುದಕ್ಕೆ ಹೋಲಿಸಬೇಕು? ಆಸ್ಟ್ರೇಲಿಯದಲ್ಲಿ ರೆಬೆಕ್ಕಾ ಡೆನಿಸ್ ಮತ್ತು ಸಂಗಡಿಗರು ಪ್ರಥಮ ದರ್ಜೆ ಮಟ್ಟದ, ಅಂದರೆ ಪೂರ್ತಿ ಬೆಳೆದ ವೇಗದ ಬೌಲರುಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ ಸರಾಸರಿ 188 ಚೆಂಡಿಗಿಂತ ಹೆಚ್ಚು ಹಾಕಿದವರಿಗೆ ಗಾಯದ ಅಪಾಯ ಹೆಚ್ಚಿತ್ತು. ಕುತೂಹಲದ ಸಂಗತಿ ಎಂದರೆ 123ಕ್ಕಿಂತ ಕಡಿಮೆ ಹಾಕಿದವರಿಗೂ ಹೆಚ್ಚಿತ್ತು, ಆ ಮಾತಿಗೆ ಆಮೇಲೆ ಬರೋಣ. ಹತ್ತನೇ ತರಗತಿಯ ನಮ್ಮ ಹುಡುಗ ದೊಡ್ಡವರ ಮೇಲಿನ ಗೆರೆಯನ್ನೂ ದಾಟಿದ್ದಾನೆ.

ಇನ್ನೂ ಮುಖ್ಯವಾದದ್ದು ದಿನಗಳ ಅಂತರ. ಅದೇ ಡೆನಿಸ್ ತಂಡ 2005ರಲ್ಲಿ ಸರಾಸರಿ ಹದಿನಾಲ್ಕೂವರೆ ದಾಟಿದ 44 ಹುಡುಗರನ್ನು ಕುರಿತು ಬರೆದ ಲೇಖನದಲ್ಲಿ, ಒಂದು ಬೌಲಿಂಗ್ ದಿನಕ್ಕೂ ಇನ್ನೊಂದಕ್ಕೂ ಸರಾಸರಿ ಮೂರೂವರೆ ದಿನಕ್ಕಿಂತ ಕಡಿಮೆ ಅಂತರವಿದ್ದವರಿಗೆ ಅತಿಬಳಕೆಯ ಗಾಯದ ಅಪಾಯ ಉಳಿದವರಿಗಿಂತ ಸುಮಾರು ಮೂರು ಪಟ್ಟಿತ್ತು. 44 ಜನರ ಅಧ್ಯಯನ ಚಿಕ್ಕದು, ಆ ಮೂರೂವರೆಯನ್ನು ಶಾಸನದಂತೆ ಹಿಡಿಯಬೇಕಿಲ್ಲ. ಆದರೂ ದಿಕ್ಕು ಸ್ಪಷ್ಟವಾಗಿದೆ: ಎಳೆಯ ಮೂಳೆಗೆ ಒಟ್ಟು ಚೆಂಡಿನಷ್ಟೇ ಅದು ಎಷ್ಟು ದಿನಗಳಿಗೆ ಹಂಚಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಮತ್ತು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಲ್ಲ ದಿನವೂ ಹಾಕುವುದು ಸುರಕ್ಷಿತವಲ್ಲ. ನಮ್ಮ ಹುಡುಗ ವಾರಕ್ಕೆ ಐದು ದಿನ ಹಾಕಿದ್ದಾನೆ. ಶನಿವಾರ, ಭಾನುವಾರ, ಮತ್ತೆ ಬರುವ ಸೋಮವಾರ ಸೇರಿ ಸತತ ಮೂರು ದಿನ.

ಇಂಗ್ಲೆಂಡ್ ಮಂಡಳಿ ಬಹುಕಾಲ ಜಾರಿಯಲ್ಲಿಟ್ಟಿದ್ದ ವೇಗದ ಬೌಲಿಂಗ್ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. 13 ವರ್ಷದೊಳಗಿನವರಿಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10. 14 ಮತ್ತು 15ರವರಿಗೆ 6 ಮತ್ತು 12. 16ರಿಂದ 19ರವರಿಗೆ 7 ಮತ್ತು 18. ಒಂದು ಸ್ಪೆಲ್ ಮುಗಿಸಿದವನು ಅದೇ ತುದಿಯಿಂದ ಅಷ್ಟೇ ಓವರುಗಳು ಆಗುವವರೆಗೆ ಮತ್ತೆ ಚೆಂಡು ಹಿಡಿಯುವಂತಿಲ್ಲ. ಸತತ ಎರಡು ದಿನಕ್ಕಿಂತ ಹೆಚ್ಚು ಮತ್ತು ಏಳು ದಿನಗಳಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಬೌಲಿಂಗ್ ಬೇಡ ಎಂಬುದು ಅದರ ಜೊತೆಗಿನ ಸಲಹೆ. ನಮ್ಮ ಹುಡುಗನ ವಾರವನ್ನು ಇದರ ಪಕ್ಕ ಇಟ್ಟರೆ ದಿನದ ಮಿತಿಯನ್ನು ಅವನು ಒಮ್ಮೆಯೂ ಮೀರಿಲ್ಲ. ಶನಿವಾರದ ಹತ್ತು ಓವರನ್ನು ಎರಡು ಸ್ಪೆಲ್ ಮಾಡಿದ್ದರೆ ಅದೂ ಸರಿಯೇ. ಮುರಿದಿರುವುದು ವಾರದ ನಿಯಮ, ಮತ್ತು ಅದನ್ನು ಹಿಡಿಯುವವರು ಮೈದಾನದಲ್ಲಿ ಯಾರೂ ಇಲ್ಲ. ಅಂಪೈರ್ ಸ್ಪೆಲ್ಲನ್ನು ನೋಡಬಲ್ಲ, ಮೊನ್ನೆ ಗುರುವಾರ ನಡೆದದ್ದು ಅವನಿಗೆ ಹೇಗೆ ಗೊತ್ತಾಗಬೇಕು?

ಎಣಿಸಬೇಕಾದ್ದು, ಎಣಿಕೆಯಿಂದ ತಪ್ಪಿಸಿಕೊಳ್ಳುವುದು

ಓವರಿನಲ್ಲಿ ಎಣಿಸಬಾರದು, ಚೆಂಡಿನಲ್ಲಿ ಎಣಿಸಬೇಕು. ವೈಡು, ನೋಬಾಲ್ ಸ್ಕೋರ್‌ಬುಕ್ಕಿನ ಓವರಿಗೆ ಸೇರುವುದಿಲ್ಲ, ಬೆನ್ನಿಗೆ ಸೇರುತ್ತವೆ. ಪಂದ್ಯಕ್ಕೆ ಮುಂಚಿನ ಚೆಂಡುಗಳೂ ಪೂರ್ತಿ ಓಟದಲ್ಲಿ ಹಾಕಿದ್ದಾದರೆ ಸೇರಬೇಕು.

ಅತಿಹೆಚ್ಚು ಸೋರುವುದು ನೆಟ್ಸ್‌ನಲ್ಲಿ. ಪಂದ್ಯದಲ್ಲಿ ಆರು ಚೆಂಡಾದ ಮೇಲೆ ಫೈನ್‌ಲೆಗ್‌ಗೆ ಹೋಗಿ ನಿಲ್ಲುವ ಬಿಡುವಿದೆ. ನೆಟ್ಸ್‌ನಲ್ಲಿ ಹಾಗಲ್ಲ. ಒಂದು ನೆಟ್‌ಗೆ ಇಬ್ಬರೇ ವೇಗದವರಿದ್ದು ಅರ್ಧ ನಿಮಿಷಕ್ಕೊಂದು ಚೆಂಡು ಹೋಗುತ್ತಿದ್ದರೆ ಒಬ್ಬೊಬ್ಬನ ಪಾಲಿಗೆ ಗಂಟೆಗೆ 60 ಚೆಂಡು, ಅಂದರೆ ಒಂದೇ ಉಸಿರಿನ ಹತ್ತು ಓವರ್ ಸ್ಪೆಲ್. ಪಂದ್ಯದಲ್ಲಿ ಯಾವ ಕ್ಯಾಪ್ಟನ್ನೂ ಹದಿನೈದರ ಹುಡುಗನಿಗೆ ಹಾಗೆ ಹಾಕಿಸುವುದಿಲ್ಲ. ಅಕಾಡೆಮಿಗಳಲ್ಲಿ ಫೀಸು ಕೊಟ್ಟ ಬ್ಯಾಟ್ಸ್‌ಮನ್‌ಗಳ ಸಾಲು ಉದ್ದವಿರುತ್ತದೆ, ಅವರ ಪಾಳಿ ಮುಗಿಯುವವರೆಗೆ ಬೌಲರ್ ಓಡುತ್ತಲೇ ಇರುತ್ತಾನೆ. ಅವನೂ ಫೀಸು ಕೊಟ್ಟವನೇ ಎಂಬುದು ಯಾರಿಗೂ ನೆನಪಿರುವುದಿಲ್ಲ. ಇದಕ್ಕೆ ಮದ್ದು ಸರಳ: ನೆಟ್ಸ್‌ಗೆ ಬಂದ ಕೂಡಲೇ ಅವನಿಗೆ ಇಂದಿನ ಚೆಂಡು ಇಷ್ಟು ಎಂದು ಹೇಳಿ, ಅದು ಮುಗಿದ ಮೇಲೆ ಫೀಲ್ಡಿಂಗ್‌ಗೋ ಬ್ಯಾಟಿಂಗ್‌ಗೋ ಕಳುಹಿಸುವುದು. ಉಳಿದ ಬ್ಯಾಟ್ಸ್‌ಮನ್‌ಗಳಿಗೆ ಥ್ರೋಡೌನ್ ಸಾಕು.

ಟೆನ್ನಿಸ್ ಬಾಲ್ ಹಗುರ, ಅದನ್ನು ಎಣಿಸುವುದು ಬೇಡ ಎಂಬ ವಾದ ಎಲ್ಲ ಕಡೆ ಕೇಳಿಬರುತ್ತದೆ. ಭುಜದ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಲೆದರ್ ಬಾಲ್ 156ರಿಂದ 163 ಗ್ರಾಂ, ಸಾಮಾನ್ಯ ಟೆನ್ನಿಸ್ ಬಾಲ್ 60 ಗ್ರಾಂ ಒಳಗೆ. ಆದರೆ ಬೆನ್ನಿಗೆ ಬೀಳುವ ಹೊರೆ ಚೆಂಡಿನ ತೂಕದಿಂದ ಬರುವುದಲ್ಲ. ಓಡಿ ಬಂದ ಮೈಯನ್ನು ಒಂದೇ ಕಾಲಿನ ಮೇಲೆ ತಡೆದು ತಿರುಚುವುದರಿಂದ ಬರುವುದು. ಆ ತಡೆತ ಎರಡರಲ್ಲೂ ಒಂದೇ. ಹಗುರ ಚೆಂಡಿನಿಂದ ವೇಗ ತೆಗೆಯಲು ಹುಡುಗರು ಮೈಯನ್ನು ಇನ್ನಷ್ಟು ಎಳೆಯುತ್ತಾರೆ, ಸವೆದ ಕ್ಯಾನ್ವಾಸ್ ಶೂನಲ್ಲಿ ಕಾಂಕ್ರೀಟಿನ ಮೇಲೋ ಗಟ್ಟಿ ನೆಲದ ಮೇಲೋ ಕಾಲೂರುತ್ತಾರೆ. ಟೆನ್ನಿಸ್ ಬಾಲಿನ ಪ್ರತಿ ಚೆಂಡನ್ನೂ ಪೂರ್ತಿ ಚೆಂಡೆಂದೇ ಬರೆಯಬೇಕು. ನಿಂತಲ್ಲಿಂದ ಅಥವಾ ಎರಡು ಹೆಜ್ಜೆಯಿಂದ ಕೈ ತಿರುಗಿಸಿ ಹಾಕುವ ಅಭ್ಯಾಸದ ಚೆಂಡನ್ನು ಮಾತ್ರ ಬೇರೆ ಕಾಲಂನಲ್ಲಿ ಬರೆದರೆ ಸಾಕು.

ಬರೆಯುವವನು ಬೌಲರನೇ ಆಗಿರಬೇಕು, ಏಕೆಂದರೆ ಎಲ್ಲ ಚೆಂಡಿಗೂ ಹಾಜರಿರುವವನು ಅವನೊಬ್ಬನೇ. ಕಿಟ್ ಬ್ಯಾಗಿನಲ್ಲಿ ಒಂದು ಪಾಕೆಟ್ ನೋಟ್‌ಬುಕ್, ಅಥವಾ ಮೂವರು ಹಿರಿಯರೂ ಅಪ್ಪನೋ ಅಮ್ಮನೋ ಸೇರಿದ ಒಂದು ವಾಟ್ಸ್ಆ್ಯಪ್ ಗುಂಪು. ರಾತ್ರಿ ಅದರಲ್ಲಿ ಒಂದು ಸಾಲು: 'ಬುಧ, 48 ಪೂರ್ತಿ, ನೋವು ಇಲ್ಲ, ಏಳು ದಿನಕ್ಕೆ 138.' ಭಾನುವಾರದ ಕ್ಯಾಪ್ಟನ್ 'ಇನ್ನೊಂದು ಮ್ಯಾಚ್ ಆಡೋ ಮಗಾ' ಎಂದಾಗ ಹುಡುಗ ತಾನೇ ಬೇಡ ಎನ್ನಲಾರ. ಅಂಥ ಹೊತ್ತಿನಲ್ಲಿ ಕೋಚ್ ಸರ್ ಹಾಕಿದ ಮಿತಿ ಎಂಬ ಮಾತು ಅವನಿಗೆ ಮರ್ಯಾದೆ ಉಳಿಸುವ ನೆಪವಾಗುತ್ತದೆ.

ಅದೇ ವಾರವನ್ನು ತಿದ್ದಿದರೆ

ಹದಿನೈದರ ಹುಡುಗನಿಗೆ ಸೀಸನ್ನಿನ ವಾರ ಮೂರು ಬೌಲಿಂಗ್ ದಿನ, 110ರಿಂದ 130 ಚೆಂಡು ಎಂದಿಟ್ಟುಕೊಂಡು ಕಟ್ಟೋಣ. ಮಂಗಳವಾರ ಶಾಲೆಯ ನೆಟ್ಸ್‌ನಲ್ಲಿ 30. ಗುರುವಾರ ಅಕಾಡೆಮಿಯಲ್ಲಿ 36, ಅದರಲ್ಲಿ ಕೊನೆಯ ಎರಡು ಓವರ್ ಮಾತ್ರ ಪೂರ್ತಿ ವೇಗ. ಶನಿವಾರ ಪಂದ್ಯದಲ್ಲಿ 8 ಓವರ್, ನಾಲ್ಕು–ನಾಲ್ಕರ ಎರಡು ಸ್ಪೆಲ್, ವಾರ್ಮ್‌ಅಪ್ ಸೇರಿ 60. ಒಟ್ಟು 126. ಭಾನುವಾರ, ಸೋಮವಾರ ಬಿಡುವು. ಟೂರ್ನಮೆಂಟ್ ಬಿಡಲಾರದ ವಾರ ಬಂದರೆ, ಅದು ಬಂದೇ ಬರುತ್ತದೆ, ಗುರುವಾರದ ಬೌಲಿಂಗ್ ತೆಗೆದು, ಶನಿವಾರ ಐದು ಓವರಿಗೆ ಇಳಿಸಿ, ಭಾನುವಾರ ಅವನನ್ನು ಎರಡು ಪಂದ್ಯಗಳಲ್ಲಿ ಬೌಲರ್, ಉಳಿದವುಗಳಲ್ಲಿ ಬ್ಯಾಟ್ಸ್‌ಮನ್ ಮಾಡಬಹುದು. ಮೂರು ದಿನದ ವಾರದಲ್ಲಿ ಸರಾಸರಿ ಅಂತರ ಎರಡು ದಿನ ಚಿಲ್ಲರೆ ಮಾತ್ರ, ಡೆನಿಸ್ ಹೇಳಿದ ಮೂರೂವರೆಗೆ ಕಡಿಮೆಯೇ. ಆದ್ದರಿಂದ ಪ್ರತಿ ನಾಲ್ಕನೇ ವಾರವನ್ನು ಎರಡೇ ದಿನದ, 70ರ ಆಸುಪಾಸಿನ ಹಗುರ ವಾರವಾಗಿಡುವುದು ಜಾಣತನ.

ಈ ಅಂಕಿಗಳು ವಯಸ್ಸಿಗೆ ಅಂಟಿಕೊಂಡಿವೆ, ವಯಸ್ಸೇ ಎಲ್ಲವನ್ನೂ ಹೇಳುವುದಿಲ್ಲ. ಒಂದೇ ತರಗತಿಯ ಇಬ್ಬರಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ವಯೋಮಿತಿ ಪಂದ್ಯಗಳಿಗೆ ಭಾರತೀಯ ಮಂಡಳಿ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುವುದು ದಾಖಲೆಯ ಸುಳ್ಳು ಹಿಡಿಯಲು, ಹೊರೆ ನಿರ್ಧರಿಸಲು ಅಲ್ಲ. ಶಾಲೆಯ ಗೋಡೆಯಲ್ಲಿ ಗೆರೆ ಎಳೆದು ಮೂರು ತಿಂಗಳಿಗೊಮ್ಮೆ ಎತ್ತರ ಅಳೆದರೆ ಅದಕ್ಕಿಂತ ಉಪಯುಕ್ತ ಮಾಹಿತಿ ಸಿಗುತ್ತದೆ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ಮೀರಿ ಬೆಳೆದವನನ್ನು ಅವನ ವಯಸ್ಸಿಗಿಂತ ಒಂದು ಮೆಟ್ಟಿಲು ಕೆಳಗಿನ ಮಿತಿಯಲ್ಲಿಡಬೇಕು.

ಪರೀಕ್ಷೆ ಮುಗಿದ ಏಪ್ರಿಲ್

ಕಡಿಮೆ ಹಾಕಿದವರಿಗೂ ಗಾಯ ಹೆಚ್ಚಿತ್ತು ಎಂಬ ಮಾತಿಗೆ ಈಗ ಮರಳಬಹುದು. ಮೂಳೆ ಹೊರೆಯಿಂದಲೇ ಗಟ್ಟಿಯಾಗುವಂಥದು. ಹೊರೆಯೇ ಇಲ್ಲದೆ ಕೂತಿದ್ದು ಒಮ್ಮೆಲೇ ಹೊರೆ ಬಿದ್ದರೆ ಅದು ತಡೆಯುವುದಿಲ್ಲ. ನಮ್ಮಲ್ಲಿ ಈ ಏರಿಳಿತ ಕ್ಯಾಲೆಂಡರಿನಲ್ಲೇ ಅಚ್ಚಾಗಿದೆ. ಎಸ್‌ಎಸ್‌ಎಲ್‌ಸಿ ಎಂದು ಫೆಬ್ರವರಿಯಲ್ಲಿ ಬ್ಯಾಟು ಚೆಂಡು ಅಟ್ಟ ಸೇರುತ್ತವೆ. ಪರೀಕ್ಷೆ ಮುಗಿದು ಏಪ್ರಿಲ್ ಬಂದ ಕೂಡಲೇ ಬೇಸಿಗೆ ಶಿಬಿರ, ವಾರಕ್ಕೆ ಆರು ದಿನ. ದಿನಕ್ಕೆ 35 ಚೆಂಡೆಂದರೂ ಸೊನ್ನೆಯಿಂದ ನೇರ 210ಕ್ಕೆ ಏರಿದಂತಾಯಿತು.

ಇದರ ಫಲ ತಡವಾಗಿ ಬರುತ್ತದೆ, ಅದೇ ಇಲ್ಲಿನ ದೊಡ್ಡ ಮೋಸ. ಆಸ್ಟ್ರೇಲಿಯದ ವೈದ್ಯ ಜಾನ್ ಆರ್ಚರ್ಡ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ ಒಂದು ಪಂದ್ಯದಲ್ಲಿ 50 ಓವರ್ ಮೀರಿ ಹಾಕಿದವರಿಗೆ ಗಾಯದ ಅಪಾಯ ಏರಿದ್ದು ಆ ವಾರದಲ್ಲಷ್ಟೇ ಅಲ್ಲ, ಮುಂದಿನ ಮೂರು–ನಾಲ್ಕು ವಾರಗಳವರೆಗೂ. ಶಿಬಿರದ ಮೊದಲ ವಾರ ಹುಡುಗ ಚುರುಕಾಗಿಯೇ ಇರುತ್ತಾನೆ. ಮೇ ತಿಂಗಳಲ್ಲಿ ಸೊಂಟ ಹಿಡಿಯುತ್ತದೆ, ಆಗ ಎಲ್ಲರೂ ಹಿಂದಿನ ದಿನದ ಪಂದ್ಯವನ್ನೋ ಅವನು ಎತ್ತಿದ ನೀರಿನ ಕ್ಯಾನನ್ನೋ ದೂರುತ್ತಾರೆ.

ಬಿಡುವಿನ ನಂತರ ಮೊದಲ ವಾರ ಎರಡು ದಿನ, 30ರಂತೆ 60 ಚೆಂಡು. ಮುಂದಿನ ವಾರಗಳಲ್ಲಿ 75, 90, 105, ಐದನೇ ವಾರಕ್ಕೆ 120. ಮೂರನೇ ವಾರದಿಂದ ಮೂರನೇ ದಿನ ಸೇರಿಸಬಹುದು. ಪರೀಕ್ಷೆಯ ತಿಂಗಳಲ್ಲೂ ವಾರಕ್ಕೆ ಎರಡು ಸಲ ನಾಲ್ಕು ಓವರ್ ಹಾಕುವಂತೆ ಮನೆಯವರನ್ನು ಒಪ್ಪಿಸಿದರೆ ಈ ಮೆಟ್ಟಿಲೇ ಬೇಕಾಗುವುದಿಲ್ಲ. ಈ ವಾರದ ಚೆಂಡನ್ನು ಕಳೆದ ನಾಲ್ಕು ವಾರದ ಸರಾಸರಿಯಿಂದ ಭಾಗಿಸಿ, ಉತ್ತರ ಒಂದೂವರೆ ಮೀರಬಾರದು ಎನ್ನುವ ಸೂತ್ರ ಕೆಲಕಾಲ ಬಹಳ ಪ್ರಚಾರದಲ್ಲಿತ್ತು. ಅದರ ಗಣಿತದ ಬಗ್ಗೆ ಸಂಶೋಧಕರೇ ಆಮೇಲೆ ತಕರಾರು ಎತ್ತಿದ್ದಾರೆ. ಸೂತ್ರವಾಗಿ ನಂಬುವುದಕ್ಕಿಂತ ಎಚ್ಚರಿಕೆಯ ಗಂಟೆಯಾಗಿ ಬಳಸುವುದು ಲೇಸು.

ಗುರುತು ಹಿಡಿಯುವುದು ಮತ್ತು ಮರಳುವುದು

ಎಲ್ಲ ಬೆನ್ನುನೋವೂ ಬಿರುಕಲ್ಲ. ಅನುಮಾನ ಬರಬೇಕಾದ ನೋವಿಗೆ ಅದರದೇ ನಡೆ ಇದೆ. ಬೌಲಿಂಗ್ ಕೈಯ ಎದುರು ಬದಿಯಲ್ಲಿ, ಸೊಂಟದ ಕೆಳಗೆ, ಒಂದು ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ಇರುತ್ತದೆ. ಮುಂದಕ್ಕೆ ಬಗ್ಗಿದಾಗ ಹೆಚ್ಚು ತೊಂದರೆ ಇಲ್ಲ, ಹಿಂದಕ್ಕೆ ಬಾಗಿದಾಗ ಚುಚ್ಚುತ್ತದೆ. ಮೊದಲು ಐದನೇ ಓವರಿಗೆ ಶುರುವಾಗಿ ಮರುದಿನ ಮಾಯ. ಹದಿನೈದು ದಿನ ಕಳೆದರೆ ಎರಡನೇ ಓವರಿಗೇ ಬರುತ್ತದೆ, ಮರುದಿನವೂ ಉಳಿಯುತ್ತದೆ. ಹೀಗೆ ಬೇಗ ಬೇಗ ಬರುವುದೇ ನೋಟ್‌ಬುಕ್ಕಿನಲ್ಲಿ ಕಾಣುವ ಮೊದಲ ಕುರುಹು. ಒಂಟಿ ಕಾಲಲ್ಲಿ ನಿಲ್ಲಿಸಿ ಹಿಂದಕ್ಕೆ ಬಾಗಿಸಿ ನೋಡುವ ಪರೀಕ್ಷೆ ಮೈದಾನದಲ್ಲೇ ಮಾಡಬಹುದು, ನೋವು ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಬರದಿದ್ದರೆ ಬಿರುಕಿಲ್ಲ ಎಂದು ಅರ್ಥವಲ್ಲ.

ಇಲ್ಲಿ ಆಗುವ ತಪ್ಪು ಸಾಮಾನ್ಯವಾಗಿ ಒಂದೇ ಬಗೆಯದು. ಎಕ್ಸ್‌ರೇ ತೆಗೆಸುತ್ತಾರೆ, ಅದು ನಾರ್ಮಲ್ ಬರುತ್ತದೆ, ಉಳುಕು ಎಂದುಕೊಂಡು ನೋವಿನ ಮಾತ್ರೆ ನುಂಗಿ ಆಡುತ್ತಾರೆ. ಮಾತ್ರೆ ನೋವನ್ನು ಮುಚ್ಚುತ್ತದೆ, ಊತ ಬಿರುಕಾಗುತ್ತದೆ. ಹದಿಹರೆಯದ ವೇಗದ ಬೌಲರಿಗೆ ಮೇಲಿನ ಬಗೆಯ ನೋವು ಎರಡು ವಾರ ಉಳಿದರೆ ಬೌಲಿಂಗ್ ನಿಲ್ಲಿಸಿ ಎಂಆರ್‌ಐ ಮಾಡಿಸಬೇಕು. ಅದಕ್ಕೆ ಕೋಲಾರಕ್ಕೋ ಬೆಂಗಳೂರಿಗೋ ಹೋಗಬೇಕಾಗುತ್ತದೆ, ಖರ್ಚೂ ಇದೆ. ತಕ್ಷಣಕ್ಕೆ ಆಗದಿದ್ದರೆ ಸ್ಕ್ಯಾನ್ ಆಗುವವರೆಗೆ ಬಿರುಕಿದೆ ಎಂದೇ ಭಾವಿಸಿ ಚೆಂಡು ಮುಟ್ಟಿಸದಿರುವುದು ಕೈಲಾಗುವ ಕೆಲಸ.

ಬಿರುಕು ಖಚಿತವಾದರೆ ಎಳೆಯರಲ್ಲಿ ಶಸ್ತ್ರಚಿಕಿತ್ಸೆ ಅಪರೂಪ. ಮೂರು–ನಾಲ್ಕು ತಿಂಗಳು ಬೌಲಿಂಗ್ ಪೂರ್ತಿ ಬಂದ್, ಮೊದಲ ವಾರಗಳಲ್ಲಿ ಓಟವೂ ಇಲ್ಲ. ನೋವು ಹೋದ ಮೇಲೆ ಫಿಸಿಯೋ ನೋಡಿಕೊಂಡು ಹೊಟ್ಟೆ, ಸೊಂಟ, ತೊಡೆಯ ಸ್ನಾಯುಗಳ ಬಲ, ಆಮೇಲೆ ಓಟ. ನೋವು ಹೋದದ್ದಕ್ಕೂ ಮೂಳೆ ಕೂಡಿದ್ದಕ್ಕೂ ತಿಂಗಳುಗಳ ವ್ಯತ್ಯಾಸವಿದೆ, ಹೆಚ್ಚಿನವರು ಎರಡನೇ ಸಲ ಬೀಳುವುದು ಈ ಅಂತರದಲ್ಲೇ. ವೈದ್ಯರು ಒಪ್ಪಿದ ಮೇಲೂ ಮೊದಲು ನಿಂತಲ್ಲಿಂದ 12 ಚೆಂಡು, ವಾರಕ್ಕೆ ಎರಡು ದಿನ. ನೋವಿಲ್ಲದೆ ಎರಡು ವಾರ ಕಳೆದರೆ ಅರ್ಧ ಓಟದಲ್ಲಿ 18, ಆಮೇಲೆ 24, ಪೂರ್ತಿ ಓಟ ಅದಾದ ಮೇಲೆ. ಪೂರ್ತಿ ವೇಗದಲ್ಲಿ ವಾರಕ್ಕೆ 100 ಚೆಂಡು ತಲುಪಲು ಇಲ್ಲಿಂದ ಇನ್ನೆರಡು–ಮೂರು ತಿಂಗಳು ಹಿಡಿಯುತ್ತದೆ. ಆ ತನಕ ಅವನು ಬ್ಯಾಟಿಂಗ್ ಮಾಡಬಹುದು, ಸ್ಲಿಪ್‌ನಲ್ಲಿ ನಿಲ್ಲಬಹುದು. ಭಾನುವಾರದ ತಂಡಕ್ಕೆ ಬೇರೆ ಓಪನಿಂಗ್ ಬೌಲರನ್ನು ಹುಡುಕಿಕೊಳ್ಳಬೇಕು.